ಫೋನ್ ಅಪ್‌ಡೇಟ್ ಆದ ಮೇಲೆ ಸಭೆಗಳು ಎರಡೆರಡು ಕಾಣುತ್ತಿವೆಯೇ? ವಿದೇಶದಿಂದ ಐಟಿ ತಂಡಕ್ಕೆ ಮೇಲ್ ಬರೆಯುವ ಕ್ರಮ

ಬೆಂಗಳೂರಿನ ಕಂಪನಿಯೊಂದಕ್ಕೆ ನೆದರ್‌ಲೆಂಡ್ಸ್‌ನ ಐಂಡ್‌ಹೋವನ್‌ನಿಂದ, ಮನೆಯಲ್ಲಿ ಕುಳಿತು ಕೆಲಸ ಮಾಡುವ ಉದ್ಯೋಗಿಯೊಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅವರದು ಆಂಡ್ರಾಯ್ಡ್ ಫೋನ್, ಸ್ವಂತದ್ದು. ಕಂಪನಿಯ ಮೇಲ್ ಮತ್ತು ಕ್ಯಾಲೆಂಡರ್ ಎರಡೂ ಮೈಕ್ರೋಸಾಫ್ಟ್ 365ರಲ್ಲಿವೆ. 2025ರ ಜೂನ್ 14ರ ಶನಿವಾರ ರಾತ್ರಿ ಫೋನ್ ಆಂಡ್ರಾಯ್ಡ್ 14ರಿಂದ 15ಕ್ಕೆ ಅಪ್‌ಡೇಟ್ ಆಯಿತು. ಸೋಮವಾರ ಬೆಳಿಗ್ಗೆ ನೋಡಿದರೆ ಪ್ರತಿಯೊಂದು ಸಭೆಯೂ ಎರಡು ಸಲ ಕಾಣುತ್ತಿದೆ, ಜ್ಞಾಪನೆಯ ಗಂಟೆಯೂ ಎರಡು ಸಲ ಬಾರಿಸುತ್ತಿದೆ. ಇದನ್ನು ಐಟಿ ತಂಡಕ್ಕೆ ತಿಳಿಸಬೇಕು.

ಇಂಥ ಸಂದರ್ಭದಲ್ಲಿ ಹೆಚ್ಚಿನವರು ಬರೆಯುವ ಮೇಲ್ ಒಂದೇ ಸಾಲಿನದು: «ಫೋನ್ ಅಪ್‌ಡೇಟ್ ಆದ ಮೇಲೆ ಕ್ಯಾಲೆಂಡರ್‌ನಲ್ಲಿ ಎಲ್ಲವೂ ಡಬಲ್ ಆಗಿದೆ, ಸರಿಮಾಡಿಕೊಡಿ.» ಕಚೇರಿಯಲ್ಲೇ ಇರುವವರಿಗೆ ಇಷ್ಟು ಸಾಕಾಗಬಹುದು, ಏಕೆಂದರೆ ಐಟಿಯವರು ಮೇಜಿನ ಬಳಿ ಬಂದು ಫೋನ್ ಕೈಗೆ ತೆಗೆದುಕೊಂಡು ನೋಡುತ್ತಾರೆ. ದೂರದಲ್ಲಿರುವವರಿಗೆ ಆ ಅನುಕೂಲವಿಲ್ಲ. ಬೇಸಿಗೆಯಲ್ಲಿ ಐಂಡ್‌ಹೋವನ್‌ನ ಗಡಿಯಾರ ಬೆಂಗಳೂರಿಗಿಂತ ಮೂರೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ. ಬೆಂಗಳೂರಿನಲ್ಲಿ ಸಂಜೆ 6:30ಕ್ಕೆ ಐಟಿಯವರು ಮನೆಗೆ ಹೊರಡುವಾಗ ಅಲ್ಲಿ ಇನ್ನೂ ಮಧ್ಯಾಹ್ನ 3 ಗಂಟೆ. «ಯಾವ ಆ್ಯಪ್?» ಎಂದು ಅವರು ಕೇಳಿದ್ದಕ್ಕೆ ಮಧ್ಯಾಹ್ನದ ಮೇಲೆ ಉತ್ತರಿಸಿದರೆ ಮುಂದಿನ ಪ್ರಶ್ನೆ ಬರುವುದು ಮರುದಿನ. ಆದ್ದರಿಂದ ಅವರು ಕೇಳಬಹುದಾದ ಮೊದಲ ನಾಲ್ಕೈದು ಪ್ರಶ್ನೆಗಳಿಗೆ ಮೊದಲ ಮೇಲ್‌ನಲ್ಲೇ ಉತ್ತರವಿರಬೇಕು. ಆ ಉತ್ತರಗಳನ್ನು ಕಂಡುಕೊಳ್ಳುವುದಕ್ಕೆ ಅರ್ಧ ಗಂಟೆಯ ಪರೀಕ್ಷೆ ಸಾಕು, ಅದನ್ನು ಮೊದಲು ಮಾಡೋಣ.

ಮೊದಲು, ಏನನ್ನೂ ಅಳಿಸಬೇಡಿ

ಎರಡು ಪ್ರತಿಗಳು ಕಂಡ ಕೂಡಲೇ ಒಂದನ್ನು ಅಳಿಸಿಬಿಡೋಣ ಎನಿಸುವುದು ಸಹಜ. ಈ ದೋಷದಲ್ಲಿ ನಿಜವಾದ ಅಪಾಯವಿರುವುದು ಅಲ್ಲೇ. ಫೋನ್‌ನಲ್ಲಿ ಕಾಣುವ ಎರಡು ಪ್ರತಿಗಳು ಬಹಳ ಸಲ ಸರ್ವರ್‌ನಲ್ಲಿರುವ ಒಂದೇ ಸಭೆಯ ಎರಡು ನೋಟಗಳಾಗಿರುತ್ತವೆ. ಯಾವುದನ್ನು ಅಳಿಸಿದರೂ ಆ ಅಳಿಸುವಿಕೆ ಸಿಂಕ್ ಆಗಿ ಸರ್ವರ್‌ಗೆ ಹೋಗುತ್ತದೆ, ಮೂಲ ಸಭೆಯೇ ಹೋಗಿಬಿಡುತ್ತದೆ. ಆ ಸಭೆಯನ್ನು ಕರೆದವರು ನೀವೇ ಆಗಿದ್ದರೆ ಆಹ್ವಾನಿತರೆಲ್ಲರಿಗೂ «ಸಭೆ ರದ್ದಾಗಿದೆ» ಎಂಬ ಸೂಚನೆ ಹೋಗಬಹುದು. ಬೇರೆಯವರು ಕರೆದಿದ್ದರೆ ನೀವು ಬರುವುದಿಲ್ಲವೆಂಬ ಉತ್ತರ ಅವರಿಗೆ ತಲುಪಬಹುದು. ಪ್ರತಿ ವಾರ ನಡೆಯುವ ಸಭೆಯಾದರೆ ಇಡೀ ಸರಣಿಯೇ ಹೋಗುವ ಸಾಧ್ಯತೆಯೂ ಇದೆ. ಐಟಿ ತಂಡ ಹೇಳುವವರೆಗೂ ಯಾವ ಪ್ರತಿಯನ್ನೂ ಮುಟ್ಟದಿರುವುದು ಮತ್ತು ಮುಟ್ಟಿಲ್ಲವೆಂದು ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆಯುವುದು, ಎರಡೂ ಮುಖ್ಯ. ಈಗಾಗಲೇ ಕೆಲವನ್ನು ಅಳಿಸಿದ್ದರೆ ಯಾವುವು ಎಂದು ಹೆಸರಿಸಿ ತಿಳಿಸಬೇಕು. ಹುಡುಕಾಟ ಬೇರೆ ದಾರಿ ಹಿಡಿಯುವುದನ್ನು ಅದು ತಪ್ಪಿಸುತ್ತದೆ.

ಕಂಪನಿಯ ಖಾತೆಯನ್ನು ಫೋನ್‌ನಿಂದ ತೆಗೆದು ಮತ್ತೆ ಸೇರಿಸುವ ಉಪಾಯವನ್ನೂ ಈಗ ಮಾಡಬೇಡಿ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಎರಡು ಪ್ರತಿಗಳು ಎಲ್ಲಿವೆ?

ಐಟಿ ತಂಡಕ್ಕೆ ಬೇಕಾದ ಮೊದಲ ಮಾಹಿತಿ ಇದು: ಪ್ರತಿಗಳು ಸರ್ವರ್‌ನಲ್ಲೇ ಎರಡಾಗಿವೆಯೇ, ಅಥವಾ ಸರ್ವರ್‌ನಲ್ಲಿ ಒಂದೇ ಇದ್ದು ಫೋನ್ ಮಾತ್ರ ಎರಡು ತೋರಿಸುತ್ತಿದೆಯೇ? ಇವೆರಡೂ ಬೇರೆ ಬೇರೆ ಸಮಸ್ಯೆಗಳು, ಪರಿಹಾರಗಳೂ ಬೇರೆ. ಹೊರಗಿನಿಂದ ಮಾತ್ರ ಒಂದೇ ರೀತಿ ಕಾಣುತ್ತವೆ.

ಗುರುತಿಸುವುದು ಕಷ್ಟವಲ್ಲ. ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಖಾಸಗಿ ಕಿಟಕಿಯನ್ನು ತೆರೆದು outlook.office.com/calendar ವಿಳಾಸಕ್ಕೆ ಹೋಗಿ ಕಂಪನಿಯ ಖಾತೆಯಿಂದ ಲಾಗಿನ್ ಆಗಿ. ಎಡಬದಿಯ ಪಟ್ಟಿಯಲ್ಲಿ ನಿಮ್ಮ ಮುಖ್ಯ ಕ್ಯಾಲೆಂಡರ್ ಒಂದನ್ನು ಬಿಟ್ಟು ಉಳಿದವುಗಳ ಗುರುತನ್ನು ತೆಗೆಯಿರಿ. ಇದನ್ನು ಮರೆಯಬಾರದು, ಮ್ಯಾನೇಜರ್ ಹಂಚಿಕೊಂಡ ಕ್ಯಾಲೆಂಡರ್ ಅಥವಾ ತಂಡದ ಕ್ಯಾಲೆಂಡರ್ ಕೂಡ ತೆರೆದಿದ್ದರೆ ನೀವಿಬ್ಬರೂ ಇರುವ ಸಭೆ ಸಹಜವಾಗಿಯೇ ಎರಡು ಸಲ ಕಾಣುತ್ತದೆ, ಅದು ದೋಷವೇ ಅಲ್ಲ. ಈಗ ಒಂದು ನಿರ್ದಿಷ್ಟ ಸಭೆಯನ್ನು ಆರಿಸಿಕೊಂಡು ಮೂರು ಕಡೆ ಎಣಿಸಿ: ಬ್ರೌಸರ್‌ನಲ್ಲಿ ಎಷ್ಟು, ಫೋನ್‌ನ ಔಟ್‌ಲುಕ್ ಆ್ಯಪ್‌ನ ಒಳಗೆ ಎಷ್ಟು, ಫೋನ್‌ನ ಜೊತೆಗೇ ಬರುವ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎಷ್ಟು.

ನಮ್ಮ ಉದಾಹರಣೆಯ ಉದ್ಯೋಗಿ ಮಂಗಳವಾರದ ವಾರದ ಸಭೆಯನ್ನು ಆರಿಸಿಕೊಂಡರು. ಅದು ಭಾರತದ ಸಮಯ ಮಧ್ಯಾಹ್ನ 1:30ಕ್ಕೆ, ಅಂದರೆ ಐಂಡ್‌ಹೋವನ್‌ನ ಬೆಳಿಗ್ಗೆ 10ಕ್ಕೆ ನಡೆಯುತ್ತದೆ. ಬ್ರೌಸರ್‌ನಲ್ಲಿ ಅದು ಒಂದೇ ಇತ್ತು, ಔಟ್‌ಲುಕ್ ಆ್ಯಪ್‌ನಲ್ಲೂ ಒಂದೇ. ಫೋನ್‌ನ ಸ್ವಂತ ಕ್ಯಾಲೆಂಡರ್‌ನಲ್ಲಿ ಮಾತ್ರ ಎರಡು. ಅಲ್ಲಿಗೆ ಸರ್ವರ್ ಸರಿಯಿದೆ ಎಂದು ಗೊತ್ತಾಯಿತು.

ಮುಂದಿನ ಹೆಜ್ಜೆಯಾಗಿ ಆ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎರಡೂ ಪ್ರತಿಗಳನ್ನು ಒಂದೊಂದಾಗಿ ತೆರೆದು, ವಿವರದಲ್ಲಿ ಅದು ಯಾವ ಖಾತೆಯ ಯಾವ ಕ್ಯಾಲೆಂಡರ್‌ನಿಂದ ಬಂದಿದೆ ಎಂದು ನೋಡಬೇಕು. ಒಂದು ಪ್ರತಿಯ ಕೆಳಗೆ ಮೈಕ್ರೋಸಾಫ್ಟ್‌ನ ಮೇಲ್ ಮತ್ತು ಕ್ಯಾಲೆಂಡರ್ ಸರ್ವರ್ ಆದ Exchange ಖಾತೆಯ ಹೆಸರಿತ್ತು, ಇನ್ನೊಂದರ ಕೆಳಗೆ Outlook ಎಂದಿತ್ತು. ಕಾರಣ ಇಲ್ಲೇ ಬಯಲಾಗುತ್ತದೆ. ಕಂಪನಿಯ ಕ್ಯಾಲೆಂಡರ್ ಆಂಡ್ರಾಯ್ಡ್ ಫೋನ್‌ಗೆ ಬರಲು ಎರಡು ದಾರಿಗಳಿವೆ. ಫೋನ್‌ನ ಖಾತೆಗಳ ಪಟ್ಟಿಯಲ್ಲಿ ಕಂಪನಿಯ ಮೇಲ್ ಅನ್ನು ಎಕ್ಸ್‌ಚೇಂಜ್ ಖಾತೆಯಾಗಿ ಸೇರಿಸುವುದು ಒಂದು ದಾರಿ. ಔಟ್‌ಲುಕ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯನ್ನು ತೆರೆದರೆ ಸಿಗುವ Sync calendars ಎಂಬ ಸ್ವಿಚ್ ಎರಡನೆಯದು. ಅದು ಚಾಲೂ ಇದ್ದರೆ ಆ್ಯಪ್ ತನ್ನಲ್ಲಿರುವ ಸಭೆಗಳನ್ನು ಫೋನ್‌ನ ಕ್ಯಾಲೆಂಡರ್‌ಗೂ ಬರೆಯುತ್ತದೆ. ಎರಡೂ ದಾರಿಗಳು ತೆರೆದಿದ್ದರೆ ಒಂದೇ ಸಭೆ ಎರಡು ಕಡೆಯಿಂದ ಬಂದು ಸೇರುತ್ತದೆ, ಮತ್ತು ಎರಡೂ ಒಂದೇ ಎಂದು ಫೋನ್‌ನ ಕ್ಯಾಲೆಂಡರ್‌ಗೆ ತಿಳಿಯುವುದಿಲ್ಲ.

ಹಾಗಾದರೆ ಅಪ್‌ಡೇಟ್‌ಗೆ ಮೊದಲು ಏಕೆ ಎರಡು ಕಾಣುತ್ತಿರಲಿಲ್ಲ? ಅಪ್‌ಡೇಟ್ ತಾನಾಗಿ ಸಭೆಗಳನ್ನು ಸೃಷ್ಟಿಸುವುದು ಅಪರೂಪ. ಎರಡು ದಾರಿಗಳು ಹಿಂದಿನಿಂದಲೂ ಇದ್ದು, ಅವುಗಳಲ್ಲಿ ಒಂದು ಮುಚ್ಚಿಕೊಂಡಿರುತ್ತದೆ: ಕ್ಯಾಲೆಂಡರ್ ಪಟ್ಟಿಯಲ್ಲಿ ಗುರುತು ತೆಗೆದಿರಬಹುದು, ಖಾತೆಯ ಸಿಂಕ್ ನಿಂತಿರಬಹುದು, ಆ್ಯಪ್‌ಗೆ ಕ್ಯಾಲೆಂಡರ್ ಬಳಸುವ ಅನುಮತಿ ಕೊಡದೆ ಇರಬಹುದು. ಅಪ್‌ಡೇಟ್ ಆದ ಮೇಲೆ ಆ್ಯಪ್ ಅನುಮತಿ ಕೇಳಿದಾಗ ನಾವು ಒಪ್ಪಿಗೆ ಒತ್ತಿರುತ್ತೇವೆ, ಅಥವಾ ಕ್ಯಾಲೆಂಡರ್ ಪಟ್ಟಿಯ ಗುರುತುಗಳು ಮರಳಿ ಬಂದಿರುತ್ತವೆ. ಹೀಗಾಗಿ ಮೇಲ್‌ನಲ್ಲಿ «ಅಪ್‌ಡೇಟ್ ಕ್ಯಾಲೆಂಡರ್ ಅನ್ನು ಹಾಳುಮಾಡಿತು» ಎಂದು ತೀರ್ಮಾನ ಕೊಡುವುದಕ್ಕಿಂತ, ಅಪ್‌ಡೇಟ್ ಯಾವಾಗ ಆಯಿತು, ಎರಡು ಪ್ರತಿಗಳು ಮೊದಲು ಕಂಡದ್ದು ಯಾವಾಗ, ನಡುವೆ ಯಾವುದಾದರೂ ಅನುಮತಿಗೆ ಒಪ್ಪಿದ ನೆನಪಿದೆಯೇ ಎಂದು ಬರೆಯುವುದು ಹೆಚ್ಚು ಉಪಯುಕ್ತ.

ಅನುಮಾನ ಉಳಿದರೆ ಒಂದು ಪರೀಕ್ಷಾ ಸಭೆಯನ್ನು ಮಾಡಿ ನೋಡಬಹುದು. ಬ್ರೌಸರ್‌ನಲ್ಲಿ, ಯಾರನ್ನೂ ಆಹ್ವಾನಿಸದೆ, ಬೇರೆಲ್ಲೂ ಇಲ್ಲದ ಹೆಸರಿನಲ್ಲಿ ಮರುದಿನಕ್ಕೆ ಅರ್ಧ ಗಂಟೆಯ ಸಭೆಯೊಂದನ್ನು ಹಾಕಿ, ಹದಿನೈದು ನಿಮಿಷ ಬಿಟ್ಟು ಫೋನ್ ನೋಡಿ. ಹೊಸದಾಗಿ ಹಾಕಿದ ಸಭೆಯೂ ಎರಡಾಗಿ ಬಂದರೆ ದೋಷ ಈಗಲೂ ನಡೆಯುತ್ತಿದೆ ಎಂದರ್ಥ. ಹಳೆಯವು ಮಾತ್ರ ಎರಡಿದ್ದು ಹೊಸದು ಒಂದೇ ಬಂದರೆ ಅಪ್‌ಡೇಟ್ ಸಮಯದಲ್ಲಿ ಒಮ್ಮೆ ನಡೆದ ಘಟನೆಯ ಉಳಿಕೆ ಅದು. ಈ ವ್ಯತ್ಯಾಸವನ್ನು ಹೇಳಿದ ಮೇಲ್ ಐಟಿ ತಂಡದ ಬಹಳಷ್ಟು ಊಹೆಯನ್ನು ತಪ್ಪಿಸುತ್ತದೆ.

ಐಫೋನ್ ಬಳಸುವವರು ಕ್ಯಾಲೆಂಡರ್ ಆ್ಯಪ್‌ನಲ್ಲಿ Calendars ಎಂಬ ಗುಂಡಿಯನ್ನು ಒತ್ತಿದರೆ ಖಾತೆಗಳ ಹೆಸರಿನ ಕೆಳಗೆ ಕ್ಯಾಲೆಂಡರ್‌ಗಳು ಪಟ್ಟಿಯಾಗಿ ಕಾಣುತ್ತವೆ. ಅವರೂ ಅದೇ ಮೂರು ಕಡೆಯ ಎಣಿಕೆಯನ್ನು ಮಾಡಿ ಆ ಪಟ್ಟಿಯ ಚಿತ್ರವನ್ನು ಮೇಲ್‌ಗೆ ಸೇರಿಸಬೇಕು.

ಸಮಯ ವಲಯದ ತೊಡಕನ್ನು ಬೇರೆ ಮಾಡಿ

ವಿದೇಶದಲ್ಲಿರುವವರಿಗೆ ಮಾತ್ರ ಬರುವ ಒಂದು ಗೊಂದಲವಿದೆ. ಎರಡು ಪ್ರತಿಗಳು ಒಂದೇ ಹೊತ್ತಿನಲ್ಲಿ ಒಂದರ ಪಕ್ಕ ಒಂದು ಕುಳಿತಿವೆಯೇ, ಅಥವಾ ಅವುಗಳ ನಡುವೆ ಅಂತರವಿದೆಯೇ ಎಂದು ನೋಡಬೇಕು. ಒಂದು ಪ್ರತಿ ಬೆಳಿಗ್ಗೆ 10ಕ್ಕೆ, ಇನ್ನೊಂದು ಮಧ್ಯಾಹ್ನ 1:30ಕ್ಕೆ ಇದ್ದರೆ ಆ ಮೂರೂವರೆ ಗಂಟೆಯ ಅಂತರವೇ ಸುಳಿವು: ಎಲ್ಲೋ ಒಂದು ಆ್ಯಪ್ ಭಾರತದ ಸಮಯವನ್ನು ಸ್ಥಳೀಯ ಸಮಯವೆಂದು ಓದುತ್ತಿದೆ. ಆಗ ಸಮಸ್ಯೆ ಎರಡಾಯಿತು, ಮೇಲ್‌ನಲ್ಲೂ ಎರಡಾಗಿಯೇ ಹೇಳಬೇಕು.

ಇಡೀ ದಿನದ ಗುರುತುಗಳು ಇನ್ನೂ ಹೆಚ್ಚು ಮೋಸ ಮಾಡುತ್ತವೆ. ಬೆಂಗಳೂರಿನ ಮಾನವ ಸಂಪನ್ಮೂಲ ವಿಭಾಗದವರು ಆಗಸ್ಟ್ 15ರ ರಜೆಯನ್ನು ಇಡೀ ದಿನದ ಗುರುತಾಗಿ ಹಾಕಿದ್ದಾರೆ ಎನ್ನೋಣ. ಭಾರತದಲ್ಲಿ ಆ ದಿನ ಮಧ್ಯರಾತ್ರಿ 12ಕ್ಕೆ ಶುರುವಾಗುತ್ತದೆ. ಆಗ ಐಂಡ್‌ಹೋವನ್‌ನಲ್ಲಿ 14ರ ರಾತ್ರಿ 8:30. ಕೆಲವು ಆ್ಯಪ್‌ಗಳು ಇಡೀ ದಿನದ ಗುರುತನ್ನು ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ಸಮಯವಾಗಿ ಇಟ್ಟುಕೊಳ್ಳುವುದರಿಂದ, ಅದು ಐಂಡ್‌ಹೋವನ್‌ನ ಕ್ಯಾಲೆಂಡರ್‌ನಲ್ಲಿ 14ಕ್ಕೂ 15ಕ್ಕೂ ಚಾಚಿಕೊಂಡು ಎರಡು ರಜೆಗಳಂತೆ ಕಾಣುತ್ತದೆ. ಇದು ಪ್ರತಿಯಾಗುವ ದೋಷವಲ್ಲ. ನಿಮ್ಮಲ್ಲಿ ಎರಡಾಗಿರುವುದು ರಜೆಗಳು ಮಾತ್ರ ಎಂದಾದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗಿಲ್ಲ. ರಜೆಯ ಗುರುತು ಎರಡು ದಿನಕ್ಕೆ ಹರಡಿದೆ ಎಂದಷ್ಟೇ ತಿಳಿಸಿದರೆ ಸಾಕು.

ಈ ಕಾರಣಕ್ಕೇ ಮೇಲ್‌ನಲ್ಲಿ ಬರುವ ಪ್ರತಿಯೊಂದು ಸಮಯಕ್ಕೂ ಊರಿನ ಹೆಸರು ಇರಬೇಕು. «ಬೆಳಿಗ್ಗೆ 10ರ ಸಭೆ» ಎಂದರೆ ಓದುವವರು ತಮ್ಮ 10 ಗಂಟೆಯನ್ನೇ ಎಣಿಸುತ್ತಾರೆ.

ಮೇಲ್

ಈಗ ಬರೆಯಬಹುದು. ಐಟಿ ತಂಡದಲ್ಲಿ ಕನ್ನಡ ಓದದವರಿದ್ದರೆ ಇದೇ ಕ್ರಮದಲ್ಲಿ ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆಯಿರಿ, ಮುಖ್ಯವಾದದ್ದು ಕ್ರಮ.

> ವಿಷಯ: ಫೋನ್ ಅಪ್‌ಡೇಟ್ ನಂತರ ಸಭೆಗಳು ಎರಡೆರಡು: ವೆಬ್‌ನಲ್ಲಿ ಒಂದು, ಫೋನ್ ಕ್ಯಾಲೆಂಡರ್‌ನಲ್ಲಿ ಎರಡು
>
> ಐಟಿ ತಂಡದವರಿಗೆ ನಮಸ್ಕಾರ,
>
> ನಾನು ಐಂಡ್‌ಹೋವನ್‌ನಿಂದ ಕೆಲಸ ಮಾಡುತ್ತಿದ್ದೇನೆ. ಜೂನ್ 14, ಶನಿವಾರ ರಾತ್ರಿ ನನ್ನ ಸ್ವಂತ ಫೋನ್ ಆಂಡ್ರಾಯ್ಡ್ 14ರಿಂದ 15ಕ್ಕೆ ಅಪ್‌ಡೇಟ್ ಆಯಿತು. ಜೂನ್ 16, ಸೋಮವಾರ ಬೆಳಿಗ್ಗೆಯಿಂದ ಕಂಪನಿಯ ಎಲ್ಲ ಸಭೆಗಳೂ ಫೋನ್‌ನ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎರಡು ಸಲ ಕಾಣುತ್ತಿವೆ, ಜ್ಞಾಪನೆಗಳೂ ಎರಡು ಸಲ ಬರುತ್ತಿವೆ. ಎರಡೂ ಪ್ರತಿಗಳ ಸಮಯ ಒಂದೇ ಆಗಿದೆ. ನನ್ನ ಸ್ವಂತ ಖಾತೆಯ ಕಾರ್ಯಕ್ರಮಗಳು ಎರಡಾಗಿಲ್ಲ.
>
> ಉದಾಹರಣೆಗೆ Weekly Release Review ಎಂಬ ಸಭೆ. ಇದು ಪ್ರತಿ ಮಂಗಳವಾರ ಭಾರತದ ಸಮಯ ಮಧ್ಯಾಹ್ನ 1:30ಕ್ಕೆ, ಐಂಡ್‌ಹೋವನ್ ಸಮಯ ಬೆಳಿಗ್ಗೆ 10ಕ್ಕೆ ಇದೆ. ಜೂನ್ 17ರ ಸಭೆಯನ್ನು ಮೂರು ಕಡೆ ನೋಡಿದೆ. ವೆಬ್‌ನಲ್ಲಿ ಒಂದು, ಫೋನ್‌ನ ಔಟ್‌ಲುಕ್ ಆ್ಯಪ್‌ನಲ್ಲಿ ಒಂದು, ಫೋನ್‌ನ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎರಡು. ಆ ಎರಡರಲ್ಲಿ ಒಂದು Exchange ಖಾತೆಯಿಂದ, ಇನ್ನೊಂದು Outlook ಖಾತೆಯಿಂದ ಬಂದಿದೆ ಎಂದು ಕ್ಯಾಲೆಂಡರ್ ತೋರಿಸುತ್ತದೆ. ವೆಬ್‌ನಲ್ಲಿ ಹೊಸದಾಗಿ ಹಾಕಿದ ಪರೀಕ್ಷಾ ಸಭೆಯೂ ಫೋನ್‌ನಲ್ಲಿ ಎರಡಾಗಿಯೇ ಬಂತು. ಔಟ್‌ಲುಕ್ ಆ್ಯಪ್‌ನಲ್ಲಿ Sync calendars ಚಾಲೂ ಇದೆ. ಅಪ್‌ಡೇಟ್‌ಗೆ ಮೊದಲು ಅದು ಚಾಲೂ ಇತ್ತೇ ಎಂಬುದು ನನಗೆ ತಿಳಿಯದು.
>
> ನಾನು ಯಾವ ಪ್ರತಿಯನ್ನೂ ಅಳಿಸಿಲ್ಲ, ಖಾತೆಯನ್ನು ತೆಗೆದಿಲ್ಲ, ಸೆಟ್ಟಿಂಗ್ಸ್ ಬದಲಾಯಿಸಿಲ್ಲ.
>
> ತಮ್ಮಿಂದ ಎರಡು ವಿಷಯ ತಿಳಿಯಬೇಕಿದೆ. Sync calendars ಅನ್ನು ನಾನು ನಿಲ್ಲಿಸಬಹುದೇ, ಅಥವಾ ಎಕ್ಸ್‌ಚೇಂಜ್ ಖಾತೆಯನ್ನು ತೆಗೆಯಬೇಕೇ? ಖಾತೆಯನ್ನು ತೆಗೆಯಬೇಕಾದರೆ, ನೆದರ್‌ಲೆಂಡ್ಸ್‌ನಿಂದ ಮತ್ತೆ ಲಾಗಿನ್ ಆಗಲು ಅಡ್ಡಿಯಿಲ್ಲವೇ? ನನ್ನ ಎರಡನೇ ಹಂತದ ದೃಢೀಕರಣದ ಆ್ಯಪ್ ಇದೇ ಫೋನ್‌ನಲ್ಲಿದೆ.
>
> ಕೆಲಸ ನಿಂತಿಲ್ಲ, ಸದ್ಯ ವೆಬ್ ಕ್ಯಾಲೆಂಡರ್ ನೋಡಿಕೊಂಡು ನಡೆಸುತ್ತಿದ್ದೇನೆ. ಕರೆ ಮಾಡಿ ನೋಡುವುದಾದರೆ ಭಾರತದ ಸಮಯ ಮಧ್ಯಾಹ್ನ 12:30ರಿಂದ 2:30ರವರೆಗೆ, ಮಂಗಳವಾರ ಒಂದು ದಿನ ಬಿಟ್ಟು, ನಾನು ಸಿಗುತ್ತೇನೆ.
>
> ಮೂರು ಚಿತ್ರಗಳನ್ನು ಲಗತ್ತಿಸಿದ್ದೇನೆ: ಎರಡು ಪ್ರತಿಗಳ ವಿವರ, ಫೋನ್‌ನ ಖಾತೆಗಳ ಪಟ್ಟಿ, ಫೋನ್ ಹಾಗೂ ಔಟ್‌ಲುಕ್ ಆ್ಯಪ್‌ನ ಆವೃತ್ತಿ ಸಂಖ್ಯೆಗಳು.
>
> ಇಂತಿ,
> ಹೆಸರು, ಉದ್ಯೋಗಿ ಸಂಖ್ಯೆ, ವಿಭಾಗ

ವಿಷಯದ ಸಾಲಿನಲ್ಲೇ «ವೆಬ್‌ನಲ್ಲಿ ಒಂದು, ಫೋನ್‌ನಲ್ಲಿ ಎರಡು» ಎಂದು ಹೇಳಿರುವುದನ್ನು ಗಮನಿಸಿ. ಟಿಕೆಟ್‌ಗಳನ್ನು ಹಂಚುವವರು ಬಹಳ ಸಲ ವಿಷಯದ ಸಾಲನ್ನು ಮಾತ್ರ ಓದಿ, ಅದು ಸರ್ವರ್ ನೋಡಿಕೊಳ್ಳುವವರಿಗೆ ಹೋಗಬೇಕೇ ಫೋನ್ ನೋಡಿಕೊಳ್ಳುವವರಿಗೆ ಹೋಗಬೇಕೇ ಎಂದು ನಿರ್ಧರಿಸುತ್ತಾರೆ. ಸ್ವಂತ ಖಾತೆಯ ಕಾರ್ಯಕ್ರಮಗಳು ಎರಡಾಗಿಲ್ಲ ಎಂಬ ಮಾತೂ ಚಿಕ್ಕದಾಗಿ ಕಂಡರೂ ಕ್ಯಾಲೆಂಡರ್ ಆ್ಯಪ್‌ನದೇ ದೋಷವಿರಬಹುದೆಂಬ ಅನುಮಾನವನ್ನು ದೂರ ಮಾಡುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆದಿರುವುದೂ ಸರಿ. ಸ್ವಿಚ್ ಮೊದಲಿನಿಂದ ಚಾಲೂ ಇತ್ತೆಂದು ಊಹಿಸಿ ಬರೆದರೆ ತಪ್ಪು ದಾರಿಯಲ್ಲಿ ಒಂದು ದಿನ ಕಳೆಯುತ್ತದೆ.

ಸಭೆಯ ಹೆಸರನ್ನು ಪರದೆಯ ಮೇಲಿರುವಂತೆ, ಅಕ್ಷರವೂ ಬದಲಾಗದಂತೆ ಕೊಡುವುದಕ್ಕೆ ಕಾರಣವಿದೆ. ಐಟಿ ತಂಡದ ಎಕ್ಸ್‌ಚೇಂಜ್ ನಿರ್ವಾಹಕರು ಒಂದು ಸಭೆಯ ಇತಿಹಾಸವನ್ನು ಸರ್ವರ್‌ನಲ್ಲಿ ಹುಡುಕುವುದು ಹೀಗೆ:

```
Get-CalendarDiagnosticObjects -Identity user@example.com -Subject "Weekly Release Review" -ExactMatch $true
```

ಈ ಆದೇಶ ಆ ಸಭೆಯನ್ನು ಯಾವ ಆ್ಯಪ್ ಯಾವಾಗ ಸೃಷ್ಟಿಸಿತು, ಯಾವಾಗ ಬದಲಾಯಿಸಿತು ಎಂಬ ದಾಖಲೆಗಳನ್ನು ತೆಗೆದುಕೊಡುತ್ತದೆ. ಉದ್ಧರಣ ಚಿಹ್ನೆಗಳ ನಡುವೆ ಇರುವುದು ನೀವು ಮೇಲ್‌ನಲ್ಲಿ ಕೊಟ್ಟ ಹೆಸರು. «ನಮ್ಮ ಮಂಗಳವಾರದ ಮೀಟಿಂಗ್» ಎಂದು ಬರೆದರೆ ಹುಡುಕಲು ಏನೂ ಇರುವುದಿಲ್ಲ. ಹತ್ತು ಸಭೆಗಳ ಪಟ್ಟಿಯೂ ಬೇಡ, ಒಂದು ಸಭೆ ಪೂರ್ತಿ ವಿವರದೊಂದಿಗೆ ಇದ್ದರೆ ಸಾಕು.

ಲಾಗಿನ್ ಬಗ್ಗೆ ಮೊದಲೇ ಏಕೆ ಕೇಳಬೇಕು

ದೂರದಲ್ಲಿರುವವರ ಮೇಲ್ ಕಚೇರಿಯಲ್ಲಿರುವವರ ಮೇಲ್‌ಗಿಂತ ನಿಜವಾಗಿ ಬೇರೆಯಾಗುವುದು ಇಲ್ಲಿ. ಎಷ್ಟೋ ಐಟಿ ತಂಡಗಳ ಸಿದ್ಧ ಉತ್ತರ «ಖಾತೆ ತೆಗೆದು ಮತ್ತೆ ಸೇರಿಸಿ» ಎಂದಿರುತ್ತದೆ. ಬೆಂಗಳೂರಿನಲ್ಲಿ ಇದು ಐದು ನಿಮಿಷದ ಕೆಲಸ. ಆದರೆ ಎಷ್ಟೋ ಕಂಪನಿಗಳು ಯಾವ ದೇಶದಿಂದ ಲಾಗಿನ್ ಆಗಬಹುದು ಎಂಬುದಕ್ಕೆ ಮಿತಿ ಹಾಕಿರುತ್ತವೆ. ಈಗಾಗಲೇ ಲಾಗಿನ್ ಆಗಿರುವ ಫೋನ್ ಕೆಲಸ ಮಾಡುತ್ತಿದ್ದರೂ ಹೊಸ ಲಾಗಿನ್‌ಗೆ ತಡೆ ಬೀಳಬಹುದು. ಒಟಿಪಿ ಭಾರತದ ಸಿಮ್‌ಗೆ ಹೋಗುವಂತೆ ಇದ್ದು, ಆ ಸಿಮ್ ಊರಿನ ಮನೆಯ ಕಪಾಟಿನಲ್ಲಿದ್ದರೆ, ಮರಳಿ ಒಳಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಫೋನ್ ಕಂಪನಿಯ ನಿರ್ವಹಣೆಯಲ್ಲಿದ್ದರೆ ಖಾತೆಯ ಜೊತೆಗೆ ಕೆಲಸದ ಇತರ ಆ್ಯಪ್‌ಗಳೂ ದತ್ತಾಂಶವೂ ಅಳಿದು ಮತ್ತೆ ನೋಂದಣಿ ಮಾಡಿಸಬೇಕಾಗಿ ಬರಬಹುದು. ಸಭೆಗಳು ಎರಡಾಗಿ ಕಾಣುವುದು ಕಿರಿಕಿರಿ ಮಾತ್ರ. ಮೇಲ್ ತೆರೆಯಲಾಗದಿದ್ದರೆ ಕೆಲಸವೇ ನಿಲ್ಲುತ್ತದೆ. ಆದ್ದರಿಂದ ಆ ಸಿದ್ಧ ಉತ್ತರ ಬರುವ ಮೊದಲೇ ಲಾಗಿನ್ ಪ್ರಶ್ನೆಯನ್ನು ಕೇಳಿ, ಖಾತೆಯನ್ನು ತೆಗೆಯಲೇಬೇಕಾದರೆ ಅದನ್ನು ಬೆಂಗಳೂರಿನ ಕಚೇರಿ ತೆರೆದಿರುವ ಹೊತ್ತಿನಲ್ಲಿ, ಐಟಿಯವರು ಕರೆಯಲ್ಲಿರುವಾಗಲೇ ಮಾಡಬೇಕು. ಶುಕ್ರವಾರ ಮಧ್ಯಾಹ್ನದ ಮೇಲೆ ಖಂಡಿತ ಬೇಡ.

ಎರಡು ದಾರಿಗಳಲ್ಲಿ ಯಾವುದು ಉಳಿಯಬೇಕು ಎಂಬುದನ್ನು ಐಟಿ ತಂಡಕ್ಕೆ ಬಿಡುವುದು ಒಳ್ಳೆಯದು. ತಾಂತ್ರಿಕವಾಗಿ ಸುಲಭವಾದದ್ದು Sync calendars ಅನ್ನು ನಿಲ್ಲಿಸುವುದು: ಆ್ಯಪ್ ಫೋನ್‌ನ ಕ್ಯಾಲೆಂಡರ್‌ಗೆ ಬರೆದ ಪ್ರತಿಗಳು ಹೋಗುತ್ತವೆ, ಸರ್ವರ್‌ನ ಸಭೆಗಳು ಹಾಗೇ ಉಳಿಯುತ್ತವೆ, ಲಾಗಿನ್‌ನ ತೊಂದರೆ ಬರುವುದಿಲ್ಲ. ಆದರೆ ಕೆಲವು ಸಂಸ್ಥೆಗಳು ಕಂಪನಿಯ ಮೇಲ್ ಔಟ್‌ಲುಕ್ ಆ್ಯಪ್‌ನಲ್ಲಿ ಮಾತ್ರ ಇರಬೇಕೆಂದು ಬಯಸುತ್ತವೆ. ಆಗ ಅವರು ಎಕ್ಸ್‌ಚೇಂಜ್ ಖಾತೆಯನ್ನೇ ತೆಗೆಯಿರಿ ಎನ್ನಬಹುದು, ಮತ್ತು ಆ ಸ್ವಿಚ್ ಅನ್ನು ನಿರ್ವಾಹಕರು ದೂರದಿಂದಲೇ ನಿಯಂತ್ರಿಸುವ ವ್ಯವಸ್ಥೆಯೂ ಇದೆ. ನಿಮ್ಮ ಪರದೆಯಲ್ಲಿ ಸ್ವಿಚ್ ಬದಲಾಯಿಸಲು ಬಾರದಿದ್ದರೆ ಕಾರಣ ಅದೇ ಇರಬಹುದು, ಅದನ್ನೂ ಮೇಲ್‌ನಲ್ಲಿ ಹೇಳಿ.

ಚಿತ್ರಗಳು

ಸಭೆಯ ವಿವರದ ಪರದೆಯಲ್ಲಿ ಗ್ರಾಹಕರ ಹೆಸರು, ಆಹ್ವಾನಿತರ ವಿಳಾಸಗಳು, ಆನ್‌ಲೈನ್ ಸಭೆಯ ಕೊಂಡಿ ಮತ್ತು ಅದರ ಪಾಸ್‌ಕೋಡ್ ಇರುತ್ತವೆ. ಐಟಿ ತಂಡಕ್ಕೆ ಅವು ಬೇಕಾಗಿಲ್ಲ. ಹೆಸರು, ಸಮಯ, ಖಾತೆ ಈ ಮೂರು ಉಳಿಯುವಂತೆ ಚಿತ್ರವನ್ನು ಕತ್ತರಿಸಿ ಕಳಿಸಿ. ಟಿಕೆಟ್ ವ್ಯವಸ್ಥೆಯಲ್ಲಿ ಲಗತ್ತುಗಳು ವರ್ಷಗಟ್ಟಲೆ ಉಳಿಯುತ್ತವೆ, ಹೊರಗುತ್ತಿಗೆಯ ಸಿಬ್ಬಂದಿಯೂ ಅವನ್ನು ನೋಡಬಹುದು. ಪಾಸ್‌ವರ್ಡ್ ಮತ್ತು ಒಟಿಪಿ ಯಾವ ಸಂದರ್ಭದಲ್ಲೂ ಮೇಲ್‌ನಲ್ಲಿ ಹೋಗಕೂಡದು, ಕೇಳಿದವರು ಐಟಿಯವರೇ ಎಂದು ಹೇಳಿಕೊಂಡರೂ ಸರಿ.

ಸರ್ವರ್‌ನಲ್ಲೇ ಎರಡಿದ್ದರೆ

ಬ್ರೌಸರ್‌ನಲ್ಲೂ ಎರಡು ಕಂಡರೆ ಮೇಲ್‌ನ ಮಧ್ಯದ ಭಾಗ ಬದಲಾಗಬೇಕು. ಅಲ್ಲಿ ಎರಡೂ ಪ್ರತಿಗಳನ್ನು ತೆರೆದು ಸಭೆ ಕರೆದವರು ಯಾರು ಎಂದು ಹೋಲಿಸಿ. ಒಂದರಲ್ಲಿ ಸಹೋದ್ಯೋಗಿಯ ಹೆಸರು ಮತ್ತು ಆಹ್ವಾನಿತರ ಪಟ್ಟಿ ಇದ್ದು, ಇನ್ನೊಂದರಲ್ಲಿ ಕರೆದವರ ಜಾಗದಲ್ಲಿ ನಿಮ್ಮ ಹೆಸರೇ ಇದ್ದು ಆಹ್ವಾನಿತರು ಯಾರೂ ಇಲ್ಲದಿದ್ದರೆ, ಎರಡನೆಯದು ಯಾವುದೋ ಆ್ಯಪ್ ನಕಲು ಮಾಡಿ ಹಾಕಿದ್ದು ಎಂಬ ಶಂಕೆಗೆ ಬಲ ಬರುತ್ತದೆ. ಸ್ವಂತ ಕ್ಯಾಲೆಂಡರ್ ಮತ್ತು ಕಂಪನಿಯ ಕ್ಯಾಲೆಂಡರ್ ಅನ್ನು ಒಂದು ಮಾಡುವ ಆ್ಯಪ್‌ಗಳು ಹೀಗೆ ಮಾಡುತ್ತವೆ. ಅಂಥದ್ದನ್ನು ಎಂದಾದರೂ ಹಾಕಿಕೊಂಡಿದ್ದರೆ, ಹಳೆಯ ಫೋನ್ ಅಥವಾ ಟ್ಯಾಬ್ಲೆಟ್‌ನಲ್ಲಿ ಕಂಪನಿಯ ಖಾತೆ ಇನ್ನೂ ಇದ್ದರೆ, ಅವೆರಡನ್ನೂ ಹೆಸರಿಸಬೇಕು. ನಿಮ್ಮ ಮೇಲ್‌ಬಾಕ್ಸ್‌ಗೆ ಯಾವ ಯಾವ ಫೋನ್‌ಗಳು ಸೇರಿವೆ ಎಂಬ ಪಟ್ಟಿ ನಿರ್ವಾಹಕರಿಗೂ ಸಿಗುತ್ತದೆ, ಎರಡನ್ನೂ ಹೊಂದಿಸಿ ನೋಡಿದಾಗ ಬೇಡದ ಸಾಧನ ಬೇಗ ಪತ್ತೆಯಾಗುತ್ತದೆ. ಇಲ್ಲಿ ನಕಲುಗಳನ್ನು ನಿಜವಾಗಿ ಅಳಿಸಬೇಕಾಗುತ್ತದೆ. ಆದರೆ ನಕಲು ಮಾಡುವ ಆ್ಯಪ್ ನಿಲ್ಲುವ ಮೊದಲು ಅಳಿಸಿದರೆ ಅವು ಮರಳಿ ಬರಬಹುದು, ಆದ್ದರಿಂದ ಅಳಿಸುವ ಕೆಲಸ ಕೊನೆಗೆ ಇರಲಿ.

ಉತ್ತರ ಬಂದ ಮೇಲೆ

ಐಟಿ ತಂಡ ಹೇಳಿದ ಬದಲಾವಣೆಯನ್ನು ಒಂದೇ ಸಲಕ್ಕೆ ಒಂದರಂತೆ ಮಾಡಿ, ಪ್ರತಿಯೊಂದರ ನಂತರವೂ ಅದೇ ಸಭೆಯನ್ನು ಅದೇ ಮೂರು ಕಡೆ ಎಣಿಸಿ. ಉತ್ತರವನ್ನು ಅದೇ ಮೇಲ್ ಸರಣಿಯಲ್ಲಿ ಬರೆಯಬೇಕು. ಹೊಸ ಮೇಲ್ ಕಳಿಸಿದರೆ ಹೊಸ ಟಿಕೆಟ್ ಹುಟ್ಟಿ ಬೇರೆಯವರ ಕೈಗೆ ಹೋಗುತ್ತದೆ.

ನಮ್ಮ ಉದಾಹರಣೆಯಲ್ಲಿ ಐಟಿಯವರು Sync calendars ಅನ್ನು ನಿಲ್ಲಿಸಲು ಹೇಳಿದರು ಎನ್ನೋಣ. ಆಗ ಉದ್ಯೋಗಿ ಬರೆಯಬೇಕಾದ ಉತ್ತರ ಇಷ್ಟೇ: «ತಾವು ಹೇಳಿದಂತೆ ಔಟ್‌ಲುಕ್ ಆ್ಯಪ್‌ನಲ್ಲಿ Sync calendars ನಿಲ್ಲಿಸಿದೆ. ಫೋನ್ ಕ್ಯಾಲೆಂಡರ್‌ನಲ್ಲಿ Weekly Release Review ಈಗ ಒಂದೇ ಕಾಣುತ್ತಿದೆ, ಉಳಿದ ಪ್ರತಿ Exchange ಖಾತೆಯದು. ವೆಬ್‌ನಲ್ಲಿ ಮೊದಲಿನಂತೆ ಒಂದೇ ಇದೆ, ಯಾವ ಸಭೆಯೂ ಕಾಣೆಯಾಗಿಲ್ಲ. ಪರೀಕ್ಷಾ ಸಭೆಯನ್ನು ವೆಬ್‌ನಿಂದ ಅಳಿಸಿದ್ದೇನೆ. ಮುಂದಿನ ಮಂಗಳವಾರದ ಜ್ಞಾಪನೆ ಒಂದೇ ಸಲ ಬಂದದ್ದನ್ನು ನೋಡಿ ತಿಳಿಸುತ್ತೇನೆ, ಆ ಮೇಲೆ ಟಿಕೆಟ್ ಮುಚ್ಚಬಹುದು.»